ಒಲೆಯ ಜೆಟ್ ಮತ್ತು ಕೊಳವೆ ಅನಿಲ: ಪರಿವರ್ತನೆಗೆ ಲಿಖಿತ ಪದ್ಧತಿ ಬೇಕು

ದಾಭೋಲ್–ಬೆಂಗಳೂರು ಅನಿಲ ಕೊಳವೆ ಮಾರ್ಗವು 2013ರಲ್ಲಿ ಕಾರ್ಯಾರಂಭ ಮಾಡಿದ ನಂತರ ರಾಜಧಾನಿಯ ಅನೇಕ ಬಡಾವಣೆಗಳ ಅಡುಗೆಮನೆಗಳಿಗೆ ನೈಸರ್ಗಿಕ ಅನಿಲವು ಕೊಳವೆಯ ಮೂಲಕವೇ ಬರತೊಡಗಿದೆ. ತುಮಕೂರು, ಧಾರವಾಡ, ಬೆಳಗಾವಿ, ದಕ್ಷಿಣ ಕನ್ನಡ ಮೊದಲಾದ ಜಿಲ್ಲೆಗಳಿಗೂ ನಗರ ಅನಿಲ ವಿತರಣೆಯ ಪರವಾನಗಿ ದೊರೆತಿದೆ. ಸಿಲಿಂಡರ್ ಕಾಯ್ದಿರಿಸುವ, ಇಳಿಸಿಕೊಳ್ಳುವ, ಬದಲಿಸುವ ತಾಪತ್ರಯ ತಪ್ಪಿದೆ ಎಂಬ ಸಮಾಧಾನದ ಜೊತೆಗೆ ಹೊಸ ಸಂಪರ್ಕ ಪಡೆದ ಮನೆಗಳಿಂದ ಒಂದು ದೂರೂ ಕೇಳಿಬರುತ್ತಿದೆ. ಕೊಳವೆಯ ಅನಿಲಕ್ಕೆ ಶಕ್ತಿ ಸಾಲದು, ಅನ್ನ ಬೇಯಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಉರಿ ಬರ್ನರಿನಿಂದ ಮೇಲೆದ್ದು ಸದ್ದು ಮಾಡುತ್ತದೆ ಎಂಬುದು ಆ ದೂರು. ಕೆಲವು ಮನೆಗಳಲ್ಲಿ ಇದಕ್ಕೆ ವಿರುದ್ಧವಾಗಿ ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ.

ಈ ದೂರುಗಳ ಮೂಲವನ್ನು ಹುಡುಕಿದರೆ ಬಹುಪಾಲು ಸಂದರ್ಭಗಳಲ್ಲಿ ಅದು ಒಲೆಯೊಳಗಿನ ಒಂದು ಪುಟ್ಟ ಹಿತ್ತಾಳೆಯ ಬಿಡಿಭಾಗದಲ್ಲಿ, ಅಂದರೆ ಜೆಟ್ಟಿನಲ್ಲಿ, ಸಿಗುತ್ತದೆ. ಸಿಲಿಂಡರ್ ಅನಿಲಕ್ಕೆಂದು ತಯಾರಾದ ಒಲೆಯನ್ನು ಕೊಳವೆ ಅನಿಲಕ್ಕೆ ಹೊಂದಿಸುವಾಗ ಜೆಟ್ಟಿನ ರಂಧ್ರ, ಗಾಳಿಯ ಕಿಂಡಿ ಮತ್ತು ಮಂದ ಉರಿಯ ದಾರಿ ಈ ಮೂರನ್ನೂ ಬದಲಿಸಬೇಕಾಗುತ್ತದೆ. ಇವುಗಳಲ್ಲಿ ಒಂದನ್ನು ಮಾಡಿ ಎರಡನ್ನು ಬಿಟ್ಟರೆ ಒಲೆ ಉರಿಯುತ್ತದೆ, ಆದರೆ ಸರಿಯಾಗಿ ಉರಿಯುವುದಿಲ್ಲ. ಈ ಕೆಲಸ ಇಂದು ರಾಜ್ಯದಲ್ಲಿ ಬಹುಮಟ್ಟಿಗೆ ಬಾಯಿಮಾತಿನ ಮೇಲೆ, ಯಾವ ದಾಖಲೆಯೂ ಇಲ್ಲದೆ ನಡೆಯುತ್ತಿದೆ. ಒಲೆ ತಯಾರಕರು, ಮಾರಾಟಗಾರರು ಮತ್ತು ದುರಸ್ತಿ ವೃತ್ತಿಯವರು ಇದಕ್ಕೊಂದು ಲಿಖಿತ ಪದ್ಧತಿಯನ್ನು ರೂಪಿಸಿಕೊಳ್ಳುವ ಅಗತ್ಯವಿದೆ.

ರಂಧ್ರ ಎರಡರಷ್ಟು ಏಕಾಗಬೇಕು?

ಸಿಲಿಂಡರ್ ಅನಿಲವು ಪ್ರೋಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಕೊಳವೆಯಲ್ಲಿ ಬರುವುದು ಬಹುತೇಕ ಮೀಥೇನ್. ಒಂದು ಘನ ಮೀಟರ್ ಸಿಲಿಂಡರ್ ಅನಿಲವನ್ನು ಉರಿಸಿದರೆ ದೊರೆಯುವ ಶಾಖವು ಅಷ್ಟೇ ಗಾತ್ರದ ನೈಸರ್ಗಿಕ ಅನಿಲದಿಂದ ದೊರೆಯುವ ಶಾಖದ ಸುಮಾರು ಮೂರು ಪಟ್ಟು. ಹಾಗಾದರೆ ಜೆಟ್ಟಿನ ರಂಧ್ರದ ವಿಸ್ತೀರ್ಣವನ್ನು ಮೂರು ಪಟ್ಟು ಮಾಡಿದರೆ ಸರಿಹೋಗುವುದಲ್ಲವೇ ಎಂದು ಯಾರಿಗಾದರೂ ತೋರಬಹುದು. ಲೆಕ್ಕ ಅಷ್ಟು ನೇರವಾಗಿಲ್ಲ. ನೈಸರ್ಗಿಕ ಅನಿಲ ಹಗುರವಾದದ್ದು. ಅದರ ಸಾಂದ್ರತೆ ಸಿಲಿಂಡರ್ ಅನಿಲದ ಸುಮಾರು ಮೂರನೇ ಒಂದು ಭಾಗ ಮಾತ್ರ. ಒಂದೇ ರಂಧ್ರದಿಂದ, ಒಂದೇ ಒತ್ತಡದಲ್ಲಿ ಹಗುರ ಅನಿಲವು ಹೆಚ್ಚು ವೇಗವಾಗಿ ಹೊರಬರುತ್ತದೆ. ಈ ವೇಗದ ವ್ಯತ್ಯಾಸವು ಸಾಂದ್ರತೆಯ ಅನುಪಾತದ ವರ್ಗಮೂಲಕ್ಕೆ ಸಮ, ಅಂದರೆ ಸುಮಾರು 1.75 ಪಟ್ಟು. ಆದ್ದರಿಂದ ಮೂರು ಪಟ್ಟಿನ ಕೊರತೆಯು 1.7 ಪಟ್ಟಿಗೆ ಇಳಿಯುತ್ತದೆ.

ಇದಕ್ಕೆ ಒತ್ತಡದ ವ್ಯತ್ಯಾಸವನ್ನು ಸೇರಿಸಬೇಕು. ಮನೆಬಳಕೆಯ ಸಿಲಿಂಡರಿನ ರೆಗ್ಯುಲೇಟರ್ ಅನಿಲವನ್ನು ಪ್ರತಿ ಚದರ ಸೆಂಟಿಮೀಟರಿಗೆ 30 ಗ್ರಾಂ, ಅಂದರೆ ಸುಮಾರು 29 ಮಿಲಿಬಾರ್ ಒತ್ತಡದಲ್ಲಿ ಒಲೆಗೆ ಕೊಡುತ್ತದೆ. ಕೊಳವೆ ಅನಿಲವು ಮನೆಯ ಒಲೆಗೆ ಬರುವುದು 21 ಮಿಲಿಬಾರ್ ಒತ್ತಡದಲ್ಲಿ. ಒತ್ತಡ ಕಡಿಮೆಯಾದುದರಿಂದ ವೇಗ ಮತ್ತೆ ಕುಗ್ಗುತ್ತದೆ. ಇಲ್ಲಿಯೂ ವರ್ಗಮೂಲದ ನಿಯಮವೇ ಅನ್ವಯಿಸುವುದರಿಂದ ಸುಮಾರು 1.2 ಪಟ್ಟಿನ ಕೊರತೆ ಬೀಳುತ್ತದೆ. 1.7ನ್ನು 1.2ರಿಂದ ಗುಣಿಸಿದರೆ ಹತ್ತಿರ ಹತ್ತಿರ ಎರಡು. ಮೊದಲಿನಷ್ಟೇ ಶಾಖ ಬೇಕಾದರೆ ರಂಧ್ರದ ವಿಸ್ತೀರ್ಣ ಎರಡರಷ್ಟಾಗಬೇಕು ಎಂಬುದು ಇದರ ತಾತ್ಪರ್ಯ. ವಿಸ್ತೀರ್ಣ ಎರಡರಷ್ಟಾಗಲು ವ್ಯಾಸವು ಸುಮಾರು 1.4 ಪಟ್ಟಾದರೆ ಸಾಕು.

ಒಂದು ಸಾಮಾನ್ಯ ಎರಡು ಬರ್ನರಿನ ಒಲೆಯನ್ನು ತೆಗೆದುಕೊಳ್ಳಬಹುದು. ಅದರ ದೊಡ್ಡ ಬರ್ನರಿನ ಜೆಟ್ಟಿನ ವ್ಯಾಸ 0.70 ಮಿಲಿಮೀಟರ್ ಇದ್ದರೆ ಕೊಳವೆ ಅನಿಲಕ್ಕೆ ಅದು ಸುಮಾರು 1 ಮಿಲಿಮೀಟರ್ ಆಗಬೇಕು. ಆಗ ಬರ್ನರ್ ಗಂಟೆಗೆ ಸುಮಾರು 0.18 ಘನ ಮೀಟರ್ ನೈಸರ್ಗಿಕ ಅನಿಲವನ್ನು ಉರಿಸಿ, ಸಿಲಿಂಡರ್ ಅನಿಲದಲ್ಲಿ ಕೊಡುತ್ತಿದ್ದಷ್ಟೇ ಶಾಖವನ್ನು ಕೊಡುತ್ತದೆ. ಹಳೆಯ ಜೆಟ್ಟನ್ನೇ ಬಿಟ್ಟರೆ ಹರಿಯುವ ಅನಿಲ ಇದರ ಅರ್ಧಕ್ಕೆ ನಿಲ್ಲುತ್ತದೆ, ಶಾಖವೂ ಅರ್ಧವೇ. ಕೊಳವೆ ಅನಿಲಕ್ಕೆ ಶಕ್ತಿಯಿಲ್ಲ ಎಂಬ ದೂರಿನ ಹಿಂದಿನ ಲೆಕ್ಕ ಇದು.

ಗಾಳಿಯ ಕಿಂಡಿಯನ್ನು ಏಕೆ ಮುಟ್ಟಬೇಕು?

ಜೆಟ್ಟಿನಿಂದ ರಭಸವಾಗಿ ಹೊರಟ ಅನಿಲವು ಮಿಶ್ರಣ ಕೊಳವೆಯ ಬಾಯಿಯೊಳಗೆ ನುಗ್ಗುವಾಗ ಸುತ್ತಲಿನ ಗಾಳಿಯನ್ನು ತನ್ನೊಡನೆ ಎಳೆದುಕೊಳ್ಳುತ್ತದೆ. ಉರಿಗೆ ಬೇಕಾದ ಗಾಳಿಯ ಒಂದು ಭಾಗ ಹೀಗೆ ಮೊದಲೇ ಬೆರೆಯುತ್ತದೆ. ಉಳಿದುದು ಬರ್ನರಿನ ಮೇಲೆ, ಉರಿಯ ಸುತ್ತಲಿನಿಂದ ಸಿಗುತ್ತದೆ. ಒಂದು ಘನ ಮೀಟರ್ ಮೀಥೇನ್ ಪೂರ್ಣವಾಗಿ ಉರಿಯಲು ಸುಮಾರು 9.5 ಘನ ಮೀಟರ್ ಗಾಳಿ ಬೇಕು. ಪ್ರೋಪೇನಿಗೆ ಬೇಕಾಗುವುದು 24, ಬ್ಯುಟೇನಿಗೆ 31. ಈ ಅಂಕಿಗಳನ್ನು ನೋಡಿದವರು ಕೊಳವೆ ಅನಿಲಕ್ಕೆ ಗಾಳಿ ಬಹಳ ಕಡಿಮೆ ಸಾಕು ಎಂದು ತಿಳಿಯುತ್ತಾರೆ. ಆದರೆ ಅಷ್ಟೇ ಶಾಖಕ್ಕೆ ಮೂರು ಪಟ್ಟು ಗಾತ್ರದ ನೈಸರ್ಗಿಕ ಅನಿಲವನ್ನು ಉರಿಸಬೇಕಾಗುವುದರಿಂದ ಒಟ್ಟು ಗಾಳಿಯ ಅಗತ್ಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

ಹಾಗಿದ್ದರೂ ಕಿಂಡಿಯನ್ನು ಹೊಂದಿಸಬೇಕಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಎಳೆತದ ಬಲ. ಜೆಟ್ಟಿನಿಂದ ಹೊರಡುವ ಅನಿಲದ ತಳ್ಳುವ ಬಲವು ರಂಧ್ರದ ವಿಸ್ತೀರ್ಣ ಮತ್ತು ಒತ್ತಡಗಳ ಗುಣಲಬ್ಧವನ್ನು ಅವಲಂಬಿಸಿದೆ. ವಿಸ್ತೀರ್ಣ ಎರಡು ಪಟ್ಟಾಗಿದೆ, ಒತ್ತಡ ಮೊದಲಿನ ಶೇಕಡಾ 70ರಷ್ಟಿದೆ. ಆದ್ದರಿಂದ ಹೊಸ ಜೆಟ್ಟಿನ ಬಲ ಹಳೆಯದರ ಸುಮಾರು 1.4 ಪಟ್ಟು. ಕಿಂಡಿಯನ್ನು ಮೊದಲಿನಂತೆಯೇ ಬಿಟ್ಟರೆ ಗಾಳಿ ಅಗತ್ಯಕ್ಕಿಂತ ಹೆಚ್ಚಾಗಿ ಒಳಬರುತ್ತದೆ ಮತ್ತು ಮಿಶ್ರಣವು ಬರ್ನರಿನ ರಂಧ್ರಗಳಿಂದ ಹೆಚ್ಚು ವೇಗವಾಗಿ ಹೊರಡುತ್ತದೆ. ಎರಡನೆಯದು ಉರಿಯ ಸ್ವಭಾವ. ಮೀಥೇನಿನ ಉರಿ ಹರಡುವ ವೇಗವು ಪ್ರೋಪೇನಿನದಕ್ಕಿಂತ ತುಸು ಕಡಿಮೆ. ಬರ್ನರಿನ ರಂಧ್ರವನ್ನು ಕಚ್ಚಿಕೊಂಡು ನಿಲ್ಲುವ ಶಕ್ತಿ ಅದಕ್ಕೆ ಕಡಿಮೆ. ಹೊರಡುವ ಮಿಶ್ರಣದ ವೇಗ ಉರಿಯ ವೇಗವನ್ನು ಮೀರಿದಾಗ ಉರಿ ರಂಧ್ರದಿಂದ ಬೇರ್ಪಟ್ಟು ಮೇಲೆ ತೇಲುತ್ತದೆ, ಬುಸುಗುಟ್ಟುವ ಸದ್ದು ಬರುತ್ತದೆ, ಕೆಲವೊಮ್ಮೆ ಬರ್ನರಿನ ಒಂದು ಬದಿ ಆರಿಯೇ ಹೋಗುತ್ತದೆ. ಆದ್ದರಿಂದ ಕೊಳವೆ ಅನಿಲಕ್ಕೆ ಬದಲಾಯಿಸಿದ ಒಲೆಯಲ್ಲಿ ಕಿಂಡಿಯನ್ನು ಮೊದಲಿಗಿಂತ ತುಸು ಮುಚ್ಚಬೇಕಾಗುತ್ತದೆ.

ಎಷ್ಟು ಮುಚ್ಚಬೇಕು ಎಂಬುದನ್ನು ಉರಿಯೇ ಹೇಳುತ್ತದೆ. ಬರ್ನರ್ ಹತ್ತು ನಿಮಿಷ ಉರಿದು ಬಿಸಿಯಾದ ನಂತರ ಕಿಂಡಿಯನ್ನು ನಿಧಾನವಾಗಿ ಮುಚ್ಚುತ್ತ ಹೋದರೆ ಉರಿಯ ತುದಿಯಲ್ಲಿ ಹಳದಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಹಿಂದಕ್ಕೆ, ಹಳದಿ ಪೂರ್ಣವಾಗಿ ಮಾಯವಾಗುವವರೆಗೆ ತೆರೆದು ಅಲ್ಲಿಯೇ ಬಿಗಿಯಬೇಕು. ನೀಲಿ ಬಣ್ಣದ, ಒಳಗೆ ಸ್ಪಷ್ಟವಾದ ಮೊನಚು ಇರುವ, ರಂಧ್ರಕ್ಕೆ ಅಂಟಿಕೊಂಡು ಸದ್ದಿಲ್ಲದೆ ಉರಿಯುವ ಉರಿಯೇ ಸರಿಯಾದದ್ದು. ಕಿಂಡಿಯನ್ನು ಹೊಂದಿಸುವ ವ್ಯವಸ್ಥೆಯೇ ಇಲ್ಲದ ಒಲೆಗಳೂ ಮಾರುಕಟ್ಟೆಯಲ್ಲಿವೆ. ಅಂಥ ಒಲೆಯಲ್ಲಿ ಸರಿಯಾದ ಜೆಟ್ ಹಾಕಿದ ಮೇಲೂ ಉರಿ ತೇಲುತ್ತಿದ್ದರೆ ಆ ಒಲೆ ಕೊಳವೆ ಅನಿಲಕ್ಕೆ ತಕ್ಕುದಲ್ಲ ಎಂದು ಗ್ರಾಹಕರಿಗೆ ತಿಳಿಸುವುದೇ ನ್ಯಾಯ. ಕೊಳವೆ ಅನಿಲದ ಒಲೆಗಳಿಗೆಂದೇ 2019ರಲ್ಲಿ ಐಎಸ್ 17153 ಎಂಬ ಭಾರತೀಯ ಮಾನಕ ಬಂದಿದೆ; ಸಿಲಿಂಡರ್ ಒಲೆಗಳಿಗಿರುವ ಐಎಸ್ 4246ಕ್ಕಿಂತ ಇದು ಬೇರೆ. ಹೊಸ ಒಲೆ ಕೊಳ್ಳುವವರು ಯಾವ ಮಾನಕದ ಗುರುತು ಇದೆಯೆಂದು ನೋಡಬೇಕು.

ಮರೆತುಹೋಗುವ ಮೂರನೆಯ ಭಾಗ

ಒಲೆಯ ಗುಬ್ಬಿಯನ್ನು 'ಸಿಮ್' ಸ್ಥಾನಕ್ಕೆ ತಿರುಗಿಸಿದಾಗ ಅನಿಲವು ಕಾಕ್‌ನೊಳಗಿನ ಒಂದು ಅತಿ ಸಣ್ಣ ದಾರಿಯಿಂದ ಹರಿಯುತ್ತದೆ. ಆ ದಾರಿಯೂ ಸಿಲಿಂಡರ್ ಅನಿಲದ ಅಳತೆಗೆ ಕೊರೆದದ್ದು. ಜೆಟ್ಟನ್ನು ಮಾತ್ರ ಬದಲಿಸಿದರೆ ದೊಡ್ಡ ಉರಿ ಸರಿಹೋಗುತ್ತದೆ, ಮಂದ ಉರಿ ಮಾತ್ರ ಮೊದಲಿಗಿಂತ ಬಹಳ ಕ್ಷೀಣವಾಗುತ್ತದೆ. ಕಿಟಕಿಯ ಗಾಳಿಗೋ, ಉಕ್ಕಿದ ಹಾಲಿಗೋ ಅದು ಆರಿದರೆ ಅನಿಲ ಉರಿಯದೆ ಹೊರಬರುತ್ತಲೇ ಇರುತ್ತದೆ. ಪರಿವರ್ತನೆ ಮುಗಿಸಿದ ತಂತ್ರಜ್ಞನು ಉರಿಯನ್ನು ದೊಡ್ಡದರಿಂದ ಮಂದಕ್ಕೆ ಒಮ್ಮೆಲೇ ಇಳಿಸಿ, ಎದುರಿನ ಬಾಗಿಲನ್ನು ತೆರೆದು ಮುಚ್ಚಿ, ಅದು ನಿಲ್ಲುವುದೇ ಎಂದು ಪರೀಕ್ಷಿಸಬೇಕು. ಆರಿದರೆ ಮಂದ ಉರಿಯ ದಾರಿಯನ್ನು ಹೊಂದಿಸಬೇಕು ಅಥವಾ ಕಾಕನ್ನೇ ಬದಲಿಸಬೇಕು. ಇದಕ್ಕೆ ಬೇಕಾಗುವುದು ಕೆಲವು ನಿಮಿಷಗಳಷ್ಟೇ. ಅವಸರದಲ್ಲಿ ಬಿಟ್ಟುಹೋಗುವುದೂ ಇದೇ ಪರೀಕ್ಷೆ.

ಕೊರೆದ ಜೆಟ್ಟಿನ ಸಮಸ್ಯೆ

ಹೊಸ ಜೆಟ್ ಹಾಕುವ ಬದಲು ಹಳೆಯದನ್ನೇ ಕೈ ಡ್ರಿಲ್ಲಿನಿಂದ ಅಗಲಿಸುವ ರೂಢಿ ಇದೆ. ಬಿಡಿಭಾಗದ ಖರ್ಚಿಲ್ಲ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಆ ಮಾದರಿಯ ಜೆಟ್ ಅಂಗಡಿಯಲ್ಲಿ ಸಿಗುವುದಿಲ್ಲ ಎಂಬ ಸಮರ್ಥನೆಗಳೂ ಇವೆ. ಸರಿಯಾದ ಅಳತೆಯ ಬಿಟ್ ಹಿಡಿದ ಪಳಗಿದ ಕೈ ಕೊರೆದ ಜೆಟ್ ಚೆನ್ನಾಗಿಯೇ ಉರಿಯಬಹುದು ಎಂಬುದನ್ನು ಒಪ್ಪಬೇಕು. ಆದರೆ ಇಲ್ಲಿ ತಪ್ಪಿಗೆ ಇರುವ ಅವಕಾಶ ಬಹಳ ಕಿರಿದು. 1 ಮಿಲಿಮೀಟರ್ ಆಗಬೇಕಾದ ರಂಧ್ರ 1.1 ಆದರೆ ಅನಿಲದ ಹರಿವು ಶೇಕಡಾ 21ರಷ್ಟು ಹೆಚ್ಚುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಯಾವ ಕಣ್ಣೂ ಗುರುತಿಸಲಾರದು.

ರಂಧ್ರದ ಆಕಾರವೂ ಮುಖ್ಯ. ಕೈಯಲ್ಲಿ ಕೊರೆಯುವಾಗ ಬಿಟ್ ಓರೆಯಾದರೆ ರಂಧ್ರ ಅಂಡಾಕಾರವಾಗುತ್ತದೆ, ಅಂಚಿನಲ್ಲಿ ಹಿತ್ತಾಳೆಯ ಚೂರು ಉಳಿಯುತ್ತದೆ. ಆಗ ಅನಿಲದ ಧಾರೆ ಮಿಶ್ರಣ ಕೊಳವೆಯ ನಡುವೆ ಸಾಗದೆ ಒಂದು ಬದಿಗೆ ಬಡಿಯುತ್ತದೆ, ಗಾಳಿಯನ್ನು ಎಳೆಯುವ ಬಲ ಕುಂದುತ್ತದೆ. ಅನಿಲ ಹೆಚ್ಚು, ಗಾಳಿ ಕಡಿಮೆ ಎಂಬ ಸ್ಥಿತಿ ಉಂಟಾಗಿ ಹಳದಿ ಉರಿ, ಮಸಿ ಮತ್ತು ಮುಚ್ಚಿದ ಅಡುಗೆಮನೆಯಲ್ಲಿ ವಿಷಕಾರಿಯಾದ ಇಂಗಾಲದ ಮೊನಾಕ್ಸೈಡ್ ಹುಟ್ಟುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಕೊರೆದ ಜೆಟ್ಟಿನ ಮೇಲೆ ಹಳೆಯ ಅಳತೆಯ ಸಂಖ್ಯೆಯೇ ಉಳಿದಿರುತ್ತದೆ. ಮುಂದೆ ಅದನ್ನು ನೋಡುವ ಯಾವ ದುರಸ್ತಿಗಾರನಿಗೂ ಸತ್ಯ ತಿಳಿಯುವುದಿಲ್ಲ.

ಈ ಕೊನೆಯ ಅಂಶ ಎಷ್ಟು ಗಂಭೀರ ಎಂಬುದು ಮನೆ ಬದಲಾಯಿಸುವಾಗ ಗೊತ್ತಾಗುತ್ತದೆ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೊಳವೆ ಅನಿಲಕ್ಕೆ ಹೊಂದಿಸಿದ ಒಲೆಯನ್ನು ಕುಟುಂಬವೊಂದು ವರ್ಗಾವಣೆಯ ನಂತರ ಕೊಳವೆ ಅನಿಲವಿಲ್ಲದ ಊರಿಗೆ ಒಯ್ದು ಸಿಲಿಂಡರಿಗೆ ಜೋಡಿಸಿತೆಂದು ಭಾವಿಸಬಹುದು. ಒಲೆ ಹೊರಗಿನಿಂದ ಮೊದಲಿನಂತೆಯೇ ಕಾಣುತ್ತದೆ. ಆದರೆ ಎರಡರಷ್ಟು ವಿಸ್ತೀರ್ಣದ ರಂಧ್ರದಿಂದ ಈಗ ಸಿಲಿಂಡರ್ ಅನಿಲ ಎರಡರಷ್ಟು ಹರಿಯುತ್ತದೆ. ಬರ್ನರ್ ತನ್ನ ಸಾಮರ್ಥ್ಯದ ದುಪ್ಪಟ್ಟು ಅನಿಲವನ್ನು ಉರಿಸಬೇಕು. ಒಳಬರುವ ಗಾಳಿ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಮೇಲಾಗಿ ಕಿಂಡಿಯನ್ನು ಮುಚ್ಚಿಯೂ ಇರಲಾಗಿದೆ. ಎತ್ತರದ ಹಳದಿ ಉರಿ ಪಾತ್ರೆಯನ್ನು ದಾಟಿ ಮೇಲೇಳುತ್ತದೆ. ಕಡಿಮೆ ಉರಿಯ ತೊಂದರೆಯಲ್ಲಿ ಹೋಗುವುದು ಸಮಯ ಮಾತ್ರ, ಈ ತೊಂದರೆಯಲ್ಲಿ ಜೀವಕ್ಕೇ ಅಪಾಯವಿದೆ. ಹಳೆಯ ಒಲೆಗಳ ವ್ಯಾಪಾರದಲ್ಲಿಯೂ ಇದೇ ಅಪಾಯ ಅಡಗಿದೆ.

ಮೀಟರ್ ಹೇಳುವ ಸಾಕ್ಷಿ

ಕೊಳವೆ ಅನಿಲದ ಮನೆಗಳಲ್ಲಿ ಒಂದು ಅನುಕೂಲವಿದೆ. ಜೆಟ್ ಸರಿಯಾಗಿದೆಯೇ ಎಂಬುದನ್ನು ಒಲೆಯನ್ನು ಬಿಚ್ಚದೆಯೇ ಮೀಟರಿನಿಂದ ತಿಳಿಯಬಹುದು. ಮನೆಯ ಮೀಟರ್ ಘನ ಮೀಟರಿನ ಲೆಕ್ಕದಲ್ಲಿ ಓಡುತ್ತದೆ. ದಶಮಾಂಶದ ನಂತರದ ಮೂರನೇ ಅಂಕಿ ಒಂದೊಂದು ಲೀಟರನ್ನು ತೋರಿಸುತ್ತದೆ. ಉಳಿದ ಬರ್ನರುಗಳನ್ನು ಮತ್ತು ಅನಿಲದ ಗೀಸರ್ ಇದ್ದರೆ ಅದನ್ನೂ ಆರಿಸಿ, ಒಂದೇ ಬರ್ನರನ್ನು ಪೂರ್ತಿ ಉರಿಯಲ್ಲಿಟ್ಟು ಆರು ನಿಮಿಷಗಳ ಓಟವನ್ನು ನೋಡಬೇಕು. ಮೇಲಿನ ಉದಾಹರಣೆಯ ದೊಡ್ಡ ಬರ್ನರಿಗೆ 1 ಮಿಲಿಮೀಟರ್ ಜೆಟ್ ಇದ್ದರೆ ಸುಮಾರು 18 ಲೀಟರ್ ಓಡಬೇಕು. 9 ಲೀಟರಿನ ಆಸುಪಾಸಿನಲ್ಲಿ ನಿಂತರೆ ಹಳೆಯ ಜೆಟ್ಟೇ ಉಳಿದಿದೆ ಎಂದರ್ಥ. 22 ಲೀಟರ್ ದಾಟಿದರೆ ರಂಧ್ರವನ್ನು ಅತಿಯಾಗಿ ಕೊರೆಯಲಾಗಿದೆ. ಬೇರೆ ಅಳತೆಯ ಬರ್ನರಿಗೆ ಲೀಟರುಗಳು ಬೇರೆಯಾಗುತ್ತವೆ, ಪರೀಕ್ಷೆಯ ಕ್ರಮ ಮಾತ್ರ ಅದೇ. ಓಟ ಸರಿಯಾಗಿದ್ದೂ ಉರಿ ಕೆಟ್ಟಿದ್ದರೆ ತಪ್ಪು ಗಾಳಿಯ ಕಿಂಡಿಯಲ್ಲಿದೆ ಅಥವಾ ಬರ್ನರಿನ ರಂಧ್ರಗಳು ಕಟ್ಟಿಕೊಂಡಿವೆ. ಹೀಗೆ ಎರಡು ದೋಷಗಳನ್ನು ಬೇರ್ಪಡಿಸಿ ನೋಡಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಈ ಅಳತೆಗಳೆಲ್ಲ ಮನೆಬಳಕೆಯ ಒಲೆಗೆ ಸಂಬಂಧಿಸಿದವು ಎಂಬುದನ್ನು ಹೋಟೆಲ್ ಉದ್ಯಮದವರು ಗಮನಿಸಬೇಕು. ಹೋಟೆಲಿನ ದೊಡ್ಡ ಬರ್ನರುಗಳು ಹೆಚ್ಚಿನ ಒತ್ತಡದಲ್ಲಿ ಕೆಲಸ ಮಾಡುತ್ತವೆ. ಅವುಗಳ ಹಳೆಯ ಮತ್ತು ಹೊಸ ಒತ್ತಡಗಳೆರಡೂ ಬೇರೆ. ಅಲ್ಲಿ 1.4 ಪಟ್ಟಿನ ಸೂತ್ರವನ್ನು ಹಾಗೆಯೇ ಅನ್ವಯಿಸದೆ, 1.7ರ ಅಂಕಿಯನ್ನು ಇಟ್ಟುಕೊಂಡು ಒತ್ತಡದ ಭಾಗವನ್ನು ಹೊಸದಾಗಿ ಲೆಕ್ಕ ಹಾಕಬೇಕು.

ಪದ್ಧತಿ ಹೇಗಿರಬೇಕು?

ಅನಿಲ ಬದಲಾವಣೆಯನ್ನು ವ್ಯವಸ್ಥಿತವಾಗಿ ಮಾಡಿದ ಉದಾಹರಣೆ ಇತಿಹಾಸದಲ್ಲಿದೆ. ಬ್ರಿಟನ್ ದೇಶವು 1967ರಿಂದ 1977ರವರೆಗೆ ಕಲ್ಲಿದ್ದಲಿನಿಂದ ತಯಾರಿಸುತ್ತಿದ್ದ ನಗರ ಅನಿಲವನ್ನು ಕೈಬಿಟ್ಟು ಉತ್ತರ ಸಮುದ್ರದ ನೈಸರ್ಗಿಕ ಅನಿಲಕ್ಕೆ ಬದಲಾಯಿತು. ಒಂದು ಕೋಟಿಗೂ ಹೆಚ್ಚು ಗ್ರಾಹಕರ ಒಲೆ ಮತ್ತು ಹೀಟರುಗಳನ್ನು ಪ್ರದೇಶವಾರು ಪಟ್ಟಿ ಮಾಡಿ, ತಂತ್ರಜ್ಞರ ತಂಡಗಳು ಮನೆಮನೆಗೆ ಹೋಗಿ ಬದಲಿಸಿದವು. ಯಾವ ಮಾದರಿಗೆ ಯಾವ ಬಿಡಿಭಾಗ ಎಂಬುದನ್ನು ಮೊದಲೇ ನಿರ್ಧರಿಸಲಾಗಿತ್ತು. ಕರ್ನಾಟಕದ ಪರಿಸ್ಥಿತಿ ಬೇರೆ. ಇಲ್ಲಿ ಎರಡು ಅನಿಲಗಳೂ ಒಂದೇ ಬೀದಿಯಲ್ಲಿ ಬಹುಕಾಲ ಜೊತೆಗಿರುತ್ತವೆ, ಒಲೆಗಳು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಿರುತ್ತವೆ. ಆದ್ದರಿಂದ ಇಲ್ಲಿ ದಾಖಲೆಯ ಅಗತ್ಯ ಇನ್ನೂ ಹೆಚ್ಚು.

ವೃತ್ತಿಯವರು ಒಪ್ಪಿದರೆ ಮೂರು ಕ್ರಮಗಳನ್ನು ಕೂಡಲೇ ಜಾರಿಗೆ ತರಬಹುದು. ಒಲೆ ತಯಾರಕರು ಪ್ರತಿಯೊಂದು ಮಾದರಿಗೂ ಅಳತೆಯನ್ನು ಅಚ್ಚೊತ್ತಿದ ಕೊಳವೆ ಅನಿಲದ ಜೆಟ್ಟುಗಳ ಪೊಟ್ಟಣವನ್ನು ಬಿಡಿಭಾಗವಾಗಿ ಮಾರುಕಟ್ಟೆಗೆ ಬಿಡಬೇಕು. ಆಗ ಜೆಟ್ ಸಿಗುವುದಿಲ್ಲ ಎಂಬ ಸಮರ್ಥನೆಗೆ ಜಾಗವಿರುವುದಿಲ್ಲ. ಪರಿವರ್ತನೆ ಮಾಡಿದ ತಂತ್ರಜ್ಞನು ಯಾವ ಅನಿಲ, ಪ್ರತಿ ಬರ್ನರಿನ ಜೆಟ್ಟಿನ ಅಳತೆ ಎಷ್ಟು, ದಿನಾಂಕ ಯಾವುದು ಎಂಬುದನ್ನು ಬರೆದ ಚೀಟಿಯನ್ನು ಒಲೆಯ ತಳದಲ್ಲಿ ಅಂಟಿಸಿ, ತೆಗೆದ ಹಳೆಯ ಜೆಟ್ಟುಗಳನ್ನು ಗ್ರಾಹಕರಿಗೆ ಒಪ್ಪಿಸಬೇಕು. ಒಲೆಯ ಅಂಗಡಿಯವರು ಹೊಸದಾಗಲಿ ಹಳೆಯದಾಗಲಿ ಒಲೆಯನ್ನು ಮಾರುವ ಮುನ್ನ ಮನೆಯಲ್ಲಿರುವ ಅನಿಲ ಯಾವುದೆಂದು ಕೇಳಿ, ಅದನ್ನು ಬಿಲ್ಲಿನಲ್ಲಿ ನಮೂದಿಸಬೇಕು.

ಜೆಟ್ಟಿನ ಪೊಟ್ಟಣಕ್ಕೆ ಬೆಲೆಯಿದೆ, ಚೀಟಿ ಬರೆಯಲು ಸಮಯ ಬೇಕು. ಈ ಖರ್ಚನ್ನು ಯಾರು ಹೊರಬೇಕು ಎಂಬ ಪ್ರಶ್ನೆ ಸಹಜವೇ. ಪರಿವರ್ತನೆಯ ಶುಲ್ಕದಲ್ಲಿ ಅದನ್ನು ಪ್ರತ್ಯೇಕವಾಗಿ ತೋರಿಸಿ ಗ್ರಾಹಕರಿಂದಲೇ ಪಡೆಯುವುದು ಪ್ರಾಮಾಣಿಕ ಮಾರ್ಗ. ಯಾವ ಜೆಟ್ ಹಾಕಲಾಗಿದೆ ಎಂದು ಬಿಲ್ಲಿನಲ್ಲಿ ಓದಿದ ಗ್ರಾಹಕ ಅದಕ್ಕೆ ಹಣ ಕೊಡಲು ಹಿಂಜರಿಯಲಾರ. ಅರ್ಧ ಶಾಖದಲ್ಲಿ ಅಡುಗೆ ಮಾಡುತ್ತ ಅನಿಲವನ್ನೇ ದೂರುವ ಮನೆಯಿಂದ ಅನಿಲ ಕಂಪನಿಗೂ ಒಲೆಯ ವ್ಯಾಪಾರಿಗೂ ಲಾಭವಿಲ್ಲ. ಕೊರೆದ ಜೆಟ್ಟಿನ ಒಲೆ ನಾಳೆ ಯಾವ ಊರಿನ ಸಿಲಿಂಡರಿಗೆ ಜೋಡಣೆಯಾದೀತು ಎಂಬುದು ಅದನ್ನು ಕೊರೆದವನಿಗೂ ತಿಳಿದಿರುವುದಿಲ್ಲ.